ಏಳು ಸೀಟು, ಎರಡು ಮೆಸೇಜು

ಮೊದಲ ಸಲ ಕಳಿಸಿದ ಮೆಸೇಜನ್ನು ಒಂದಕ್ಷರ ತಿದ್ದದೆ ಹಾಕುತ್ತಿದ್ದೇನೆ.

"ಮಾನ್ಯ ಪೋಷಕರೇ, ನಿಮಗೊಂದು ಸಿಹಿ ಸುದ್ದಿ! ನಮ್ಮ ಟ್ಯೂಷನ್ ಕೇಂದ್ರದಲ್ಲಿ 'ರೆಫರ್ ಮಾಡಿ, ಗಳಿಸಿ' ಯೋಜನೆ ಆರಂಭವಾಗಿದೆ. ನುರಿತ ಶಿಕ್ಷಕರಿಂದ ಗುಣಮಟ್ಟದ ಬೋಧನೆ, ಪ್ರತಿ ಮಗುವಿಗೂ ವೈಯಕ್ತಿಕ ಗಮನ. ನಿಮ್ಮ ಸ್ನೇಹಿತರನ್ನು, ಬಂಧುಗಳನ್ನು ಕರೆತನ್ನಿ. ಪ್ರತಿ ಹೊಸ ಪ್ರವೇಶಕ್ಕೆ ನಿಮ್ಮ ಒಂದು ತಿಂಗಳ ಶುಲ್ಕದಲ್ಲಿ ಶೇ. 50 ರಿಯಾಯಿತಿ ಪಡೆಯಿರಿ. ಈ ಸುವರ್ಣಾವಕಾಶ ಕೆಲವೇ ದಿನ ಮಾತ್ರ. ಸ್ನೇಹಿತರ ಹೆಸರು, ಫೋನ್ ನಂಬರ್ ಇಂದೇ ಕಳುಹಿಸಿ."

ಬರೆದಾಗ ನನಗೆ ಇದು ಚೆನ್ನಾಗಿಯೇ ಕಂಡಿತ್ತು. ಆಶ್ಚರ್ಯಸೂಚಕ ಚಿಹ್ನೆ ಒಂದೇ ಹಾಕಿದ್ದೇನೆ, ಸಂಯಮ ತೋರಿಸಿದ್ದೇನೆ ಅಂತ ಬೇರೆ ಅಂದುಕೊಂಡಿದ್ದೆ. ನಮ್ಮಲ್ಲಿ ಆಗ ಇದ್ದದ್ದು 34 ಮಕ್ಕಳು, ಅಣ್ಣ ತಂಗಿ ಲೆಕ್ಕ ಹಿಡಿದರೆ 29 ಮನೆ. ಲೆಕ್ಕ ನಾನು ಹೇಳಿಕೊಡುತ್ತೇನೆ, ವಿಜ್ಞಾನ ನಮ್ಮ ಮೇಷ್ಟ್ರು. ಏಳನೇ ತರಗತಿಯಲ್ಲಿ 3 ಸೀಟು, ಎಂಟನೇದರಲ್ಲಿ 4 ಸೀಟು ಖಾಲಿ ಇದ್ದವು. ಒಟ್ಟು ಏಳು ಮಕ್ಕಳು ಬಂದರೆ ಸಾಕಿತ್ತು.

ಭಾನುವಾರ ಬೆಳಿಗ್ಗೆ ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ 29 ಮನೆಗೂ ಒಟ್ಟಿಗೆ ಕಳಿಸಿದೆ. ಎರಡು ವಾರದಲ್ಲಿ ಬಂದ ಉತ್ತರ ಎರಡು. ಒಬ್ಬರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಇನ್ನೊಬ್ಬರು "ಮೇಡಂ, ನಾಳೆ ಕ್ಲಾಸ್ ಇದೆಯಾ?" ಅಂತ ಕೇಳಿದರು. ಹೊಸ ಮಗು ಒಂದೂ ಬರಲಿಲ್ಲ.

ಮೊದಲು ತಾಂತ್ರಿಕ ತಪ್ಪೇನಾದರೂ ಇದೆಯಾ ಅಂತ ನೋಡಿದೆ. ಒಂದು ಸಿಕ್ಕಿತು. ಬ್ರಾಡ್‌ಕಾಸ್ಟ್ ಪಟ್ಟಿಯ ಮೆಸೇಜು ನಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತದೆ. ಐದು ಮನೆಗಳಲ್ಲಿ ನನ್ನ ನಂಬರ್ ಉಳಿಸಿಕೊಂಡೇ ಇರಲಿಲ್ಲ. ಅವರ ಎದುರು ಒಂದೇ ಟಿಕ್ ಹಾಗೇ ನಿಂತಿತ್ತು. ಸರಿ, ಐದು ಹೋಯಿತು. ಉಳಿದ 24 ಮನೆಗೆ ತಲುಪಿತ್ತಲ್ಲ? ತಲುಪಿತ್ತು, ಬಹುತೇಕ ಎಲ್ಲರೂ ಓದಿದ್ದರು ಕೂಡ. ಓದಿ ಸುಮ್ಮನಾಗಿದ್ದರು.

ಮೇಷ್ಟ್ರಿಗೆ ಕಾರಣ ತಕ್ಷಣ ಹೊಳೆಯಿತು. "ಅರ್ಧ ಶುಲ್ಕಕ್ಕೆ ಯಾರು ಮೈ ಬಗ್ಗಿಸ್ತಾರೆ? ಪೂರ್ತಿ ತಿಂಗಳು ಬಿಡೋಣ" ಅಂದರು. ನಾನೂ ಒಪ್ಪುವುದರಲ್ಲಿದ್ದೆ. ಅಷ್ಟರಲ್ಲಿ ಏಳನೇ ತರಗತಿ ಹುಡುಗಿಯೊಬ್ಬಳ ತಾಯಿ ಮಗಳನ್ನು ಕರೆದುಕೊಂಡು ಹೋಗಲು ಬಂದರು. ನಮ್ಮ ಬಗ್ಗೆ ಒಳ್ಳೆಯ ಮಾತಾಡುವವರು. ಅವರನ್ನೇ ಕೇಳಿಬಿಟ್ಟೆ, ಮೆಸೇಜ್ ನೋಡಿದಿರಾ, ಯಾರಿಗಾದರೂ ಹೇಳಿದಿರಾ ಅಂತ.

"ನೋಡ್ದೆ ಮೇಡಂ. ತಪ್ಪು ತಿಳ್ಕೋಬೇಡಿ, ಯಾರಿಗೂ ಹೇಳ್ಲಿಲ್ಲ."

"ಯಾಕೆ, ಹೇಳಿ ಪರವಾಗಿಲ್ಲ."

"ನಮ್ಮ ಓರಗಿತ್ತಿ ಮಗಂಗೆ ಟ್ಯೂಷನ್ ಹುಡುಕ್ತಾ ಇದಾರೆ. ನಿಮ್ಮ ಹೆಸರು ಹೇಳೋಣ ಅಂತಾನೇ ಇದ್ದೆ. ಈ ಮೆಸೇಜ್ ಬಂದ್ಮೇಲೆ ಹೇಳೋಕೆ ಮುಜುಗರ ಆಯ್ತು. ನಾಳೆ ಅವರಿಗೆ ಗೊತ್ತಾದ್ರೆ, ಓ, ಇದಕ್ಕೇ ಹೇಳಿದ್ಲು ಅಂತಾರಲ್ವಾ?"

ಅಂದರೆ ನನ್ನ ಮೆಸೇಜು ಕೆಲಸ ಮಾಡಲಿಲ್ಲ ಅನ್ನುವುದು ಅರ್ಧ ಸತ್ಯ ಮಾತ್ರ. ತಾನಾಗೇ ಆಗುತ್ತಿದ್ದ ಕೆಲಸವನ್ನೂ ಅದು ತಡೆದಿತ್ತು.

ಆ ವಾರ ಇನ್ನೂ ನಾಲ್ಕೈದು ಜನರನ್ನು ಹೀಗೇ ಮಾತಿಗೆ ಎಳೆದೆ. ಟ್ಯೂಷನ್ನಿಗೆ ಸ್ನೇಹಿತರನ್ನು ಕರೆತರುವುದರಲ್ಲಿ ಬೇರೆ ವ್ಯಾಪಾರಗಳಲ್ಲಿಲ್ಲದ ತೊಡಕುಗಳಿವೆ ಅಂತ ಆಗ ತಿಳಿಯಿತು. ಒಬ್ಬ ತಂದೆ ನೇರವಾಗಿ ಹೇಳಿದರು: "ಈಗ ಮಗನ ಕ್ಲಾಸಲ್ಲಿ ಒಂಬತ್ತು ಮಕ್ಕಳಿದಾರೆ. ನಾನೇ ಇನ್ನೊಂದಿಬ್ಬರನ್ನ ತಂದು ಕೂರಿಸಿದ್ರೆ ನನ್ನ ಮಗನ ಕಡೆ ನೀವು ನೋಡೋದು ಕಮ್ಮಿ ಆಗುತ್ತೆ." ನಾವು ಹತ್ತಕ್ಕೆ ನಿಲ್ಲಿಸುತ್ತೇವೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಎಲ್ಲೂ ಹೇಳಿರಲಿಲ್ಲ. ಇನ್ನೊಬ್ಬ ತಾಯಿಯ ಚಿಂತೆ ಬೇರೆ. ಅವರ ಸ್ನೇಹಿತೆಯ ಮಗಳೂ ಇವರ ಮಗಳೂ ಶಾಲೆಯಲ್ಲಿ ಒಂದೇ ಬೆಂಚು, ಯಾವಾಗಲೂ ಒಂದೆರಡು ಅಂಕದ ಪೈಪೋಟಿ. "ಅವಳನ್ನೂ ಇಲ್ಲಿಗೇ ತಂದ್ರೆ..." ಅಂತ ನಕ್ಕು ಬಿಟ್ಟರು, ಮಾತು ಮುಗಿಸಲಿಲ್ಲ. ಮೂರನೆಯವರು ಅಂದದ್ದು: "ನಾವು ಹೇಳಿ ಸೇರಿಸಿ, ಆಮೇಲೆ ಆ ಮಗುಗೆ ಮಾರ್ಕ್ಸ್ ಬರ್ಲಿಲ್ಲ ಅಂದ್ರೆ ಮುಖ ಹೇಗೆ ತೋರ್ಸೋದು?" ಮಗ ಟ್ಯೂಷನ್ನಿಗೆ ಹೋಗುತ್ತಾನೆ ಅಂತಲೇ ಯಾರಿಗೂ ಹೇಳಿಲ್ಲ ಅಂದವರೂ ಒಬ್ಬರಿದ್ದರು.

ಇವರಲ್ಲಿ ಯಾರೂ ರಿಯಾಯಿತಿ ಕಮ್ಮಿಯಾಯಿತು ಅಂದಿರಲಿಲ್ಲ. ಮೇಷ್ಟ್ರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಬಾಯಲ್ಲಿ ಯಾರೂ ದುಡ್ಡಿನ ಮಾತು ಆಡಲ್ಲ" ಅಂದರು. ಅದೂ ನಿಜವೇ.

ಅವರ ಜೊತೆ ವಾದ ಮಾಡುವಾಗ ನಾನು ಬಳಸಿದ ಒಂದು ಉದಾಹರಣೆ ಇದೆ. ಇಸ್ರೇಲಿನ ಹೈಫಾದಲ್ಲಿ ಕೆಲವು ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿ ನೋಡಿದರು. ಈ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ದಂಡ ಬಂದ ಮೇಲೆ ತಡವಾಗಿ ಬರುವವರು ಜಾಸ್ತಿಯಾದರು. ದಂಡ ತೆಗೆದ ಮೇಲೂ ಮೊದಲಿನ ಸ್ಥಿತಿಗೆ ಮರಳಲಿಲ್ಲ. ಮೊದಲು ಟೀಚರು ಕಾಯುತ್ತಾರಲ್ಲ ಅನ್ನುವ ಸಂಕೋಚವಿತ್ತು. ಆಮೇಲೆ ಅದಕ್ಕೊಂದು ದರ ಬಂತು, ದರ ಕೊಟ್ಟರಾಯಿತು. ನಮ್ಮದು ಅದರ ಇನ್ನೊಂದು ಮುಖ. ಸ್ನೇಹಕ್ಕೆ ಹೇಳುತ್ತಿದ್ದ ಒಂದು ಮಾತಿಗೆ ನಾನು ದರದ ಚೀಟಿ ಅಂಟಿಸಿದ್ದೆ. ದರ ಹೆಚ್ಚಿಸಿದರೆ ಚೀಟಿ ಇನ್ನೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಮೇಷ್ಟ್ರು "ಆಯ್ತು, ಅರ್ಧವೇ ಇರ್ಲಿ" ಅಂದರು. ಒಪ್ಪಿದರೋ, ಸಾಕಾಯಿತೋ ಗೊತ್ತಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಬಹಳ ಸರಳ, ಮೊದಲೇ ಮಾಡಬೇಕಿತ್ತು. ಪ್ರವೇಶದ ಪುಸ್ತಕ ತೆಗೆದೆ. 29 ಮನೆಗಳಲ್ಲಿ 12 ಮನೆಯವರು ಯಾವ ಯೋಜನೆಯೂ ಇಲ್ಲದೆ ಇನ್ನೊಬ್ಬ ಪೋಷಕರ ಮಾತು ಕೇಳಿ ಬಂದವರು. ಅವರಿಗೆ ಫೋನ್ ಮಾಡಿ, ಸಿಕ್ಕ ಒಂಬತ್ತು ಜನರಿಗೆ ಒಂದೇ ಪ್ರಶ್ನೆ ಕೇಳಿದೆ: ನಿಮಗೆ ನಮ್ಮ ಬಗ್ಗೆ ಹೇಳಿದವರು ಏನು ಹೇಳಿದ್ದರು? ಆ ಮಾತೇ ನೆನಪಿದೆಯಾ?

ನೆನಪಿತ್ತು. ಬರೆದುಕೊಂಡೆ.

"ಅವನು ಈಗ ಲೆಕ್ಕದ ಪುಸ್ತಕ ಬಚ್ಚಿಡಲ್ಲ ಅಂದ್ರು."

"ಆ ಮಿಸ್ ತಪ್ಪು ಮಾಡಿದ್ರೆ ಬೈಯಲ್ಲ, ಎಲ್ಲಿ ತಪ್ಪಿತು ಅಂತ ಅವರ ಕೈಲೇ ಹುಡುಕಿಸ್ತಾರೆ ಅಂದ್ರು."

"ನೀವೂ ನನ್ನ ಹಾಗೇ ದಿನಾ ರಾತ್ರಿ ಜಗಳ ಆಡ್ಬೇಡಿ, ಅಲ್ಲಿ ಕಳ್ಸಿ ಅಂದ್ರು."

"ಕ್ಲಾಸಿಗೆ ಬರ್ಲಿಲ್ಲ ಅಂದ್ರೆ ಅರ್ಧ ಗಂಟೇಲಿ ಫೋನ್ ಬರುತ್ತೆ ಅಂದ್ರು."

ಒಂಬತ್ತು ಜನರಲ್ಲಿ ಒಬ್ಬರೂ 'ಗುಣಮಟ್ಟದ ಬೋಧನೆ' ಅನ್ನಲಿಲ್ಲ. 'ನುರಿತ ಶಿಕ್ಷಕರು' ಅನ್ನಲಿಲ್ಲ. ಅಂಕದ ಮಾತು ಬಂದದ್ದು ಎರಡೇ ಸಲ, ಅದೂ ಕೊನೆಯಲ್ಲಿ. ಇನ್ನೊಂದು ವಿಷಯ ಗಮನಿಸಿದೆ. ಹೆಚ್ಚಿನವರು ಮಾತು ಶುರು ಮಾಡಿದ್ದು ನಮ್ಮಿಂದಲ್ಲ. ಆ ಕಡೆಯವರು "ನನ್ನ ಮಗನಿಗೆ ಲೆಕ್ಕ ಅಂದ್ರೆ ಆಗಲ್ಲ" ಅಂತ ಮೊದಲು ಗೋಳು ಹೇಳಿಕೊಂಡಿದ್ದಾರೆ, ಅದಕ್ಕೆ ಉತ್ತರವಾಗಿ ನಮ್ಮ ಹೆಸರು ಬಂದಿದೆ. ಅಂದರೆ ಪೋಷಕರು ಯಾರನ್ನೂ ಹುಡುಕಿಕೊಂಡು ಹೋಗಿಲ್ಲ. ಕೇಳಿದವರಿಗೆ ಹೇಳಿದ್ದಾರೆ. ನನ್ನ ಮೊದಲ ಮೆಸೇಜು ಅವರನ್ನು ಹುಡುಕಾಟಕ್ಕೆ ಕಳಿಸುತ್ತಿತ್ತು, ಅದೂ ನಂಬರ್ ಸಂಗ್ರಹಿಸಿ ಕೊಡಿ ಅಂತ.

ನಂಬರ್ ಕೇಳಿದ್ದು ಎಷ್ಟು ದೊಡ್ಡ ತಪ್ಪು ಅಂತ ಈಗ ಅನಿಸುತ್ತದೆ. ಸ್ನೇಹಿತರನ್ನು ಕೇಳದೆ ಅವರ ನಂಬರನ್ನು ಟ್ಯೂಷನ್ನಿನವರಿಗೆ ಕೊಟ್ಟರೆ, ನಾಳೆ ಆ ಮನೆಗೆ ಫೋನ್ ಹೋದಾಗ ಮೊದಲ ಪ್ರಶ್ನೆ "ನನ್ನ ನಂಬರ್ ಯಾರು ಕೊಟ್ಟರು?" ಆ ಪ್ರಶ್ನೆಗೆ ಉತ್ತರವಾಗಲು ಯಾರಿಗೆ ತಾನೇ ಇಷ್ಟ?

ಇಷ್ಟು ಕೈಯಲ್ಲಿ ಹಿಡಿದು ಮತ್ತೆ ಬರೆಯಲು ಕೂತೆ. ಒಂದು ಗೊಂದಲ ಮೊದಲು ಬಿಡಿಸಬೇಕಿತ್ತು. ಈ ಮೆಸೇಜನ್ನು ಓದುವವರು ಇಬ್ಬರು. ಒಬ್ಬರು ನಮ್ಮ ಪೋಷಕರು, ನಮ್ಮನ್ನು ಬಲ್ಲವರು. ಇನ್ನೊಬ್ಬರು ಅವರ ಸ್ನೇಹಿತರು, ನಮ್ಮ ಮುಖ ಕಾಣದವರು. ಮೊದಲ ಸಲ ನಾನು ಇಬ್ಬರಿಗೂ ಒಂದೇ ಕಾಗದ ಬರೆದಿದ್ದೆ. ನಮ್ಮಲ್ಲಿ ಮೂರು ವರ್ಷದಿಂದ ಮಗನನ್ನು ಬಿಟ್ಟಿರುವ ತಾಯಿಗೆ "ನುರಿತ ಶಿಕ್ಷಕರು" ಅಂತ ಪರಿಚಯ ಮಾಡಿಕೊಂಡಿದ್ದೆ! ಅವರ ಸ್ನೇಹಿತೆಗೆ ಬೇಕಾದ ಮಾಹಿತಿ, ಅಂದರೆ ಯಾವ ತರಗತಿ, ಎಷ್ಟು ಸೀಟು, ಯಾರನ್ನು ಕೇಳಬೇಕು, ಒಂದೂ ಅದರಲ್ಲಿರಲಿಲ್ಲ. ಹಾಗಾಗಿ ಎರಡು ಬೇರೆ ಬೇರೆ ಮೆಸೇಜು ಬರೆಯುವುದು ಅಂತ ತೀರ್ಮಾನಿಸಿದೆ. ಒಂದು ಪೋಷಕರಿಗೆ ನನ್ನ ದನಿಯಲ್ಲಿ. ಅದರ ಕೆಳಗೇ ಇನ್ನೊಂದು, ಅವರು ಸ್ನೇಹಿತರಿಗೆ ಕಳಿಸಬಹುದಾದದ್ದು, ಅವರದೇ ದನಿಯಲ್ಲಿ.

ಕೊಡುಗೆಯನ್ನೂ ಸ್ವಲ್ಪ ತಿರುಗಿಸಿದೆವು. ಬರುವ ಮಗುವಿಗೆ ಮೊದಲ 2 ವಾರ ಶುಲ್ಕವಿಲ್ಲ. ಬಂದ ದಿನ ಇಪ್ಪತ್ತು ನಿಮಿಷದ ಚಿಕ್ಕ ಪರೀಕ್ಷೆ, ಆಮೇಲೆ ಪೋಷಕರ ಜೊತೆ ಕಾಲು ಗಂಟೆ ಮಾತು: ಮಗು ಎಲ್ಲಿ ತೊಡಕುತ್ತಿದೆ, ಭಾಗಾಕಾರದಲ್ಲೋ, ಪ್ರಶ್ನೆ ಅರ್ಥ ಮಾಡಿಕೊಳ್ಳುವುದರಲ್ಲೋ ಅಂತ. ಸೇರದಿದ್ದರೂ ಇದು ಅವರಿಗೆ ಉಳಿಯುತ್ತದೆ. ಹೀಗಾದರೆ ನಮ್ಮ ಪೋಷಕರು ಸ್ನೇಹಿತರಿಗೆ ಏನೋ ಕೊಟ್ಟ ಹಾಗೆ ಆಗುತ್ತದೆ, ಅವರಿಂದ ಏನೋ ಪಡೆದ ಹಾಗಲ್ಲ. ನಮ್ಮ ಪೋಷಕರಿಗೆ ಮೊದಲಿನಂತೆ ಅರ್ಧ ತಿಂಗಳ ಶುಲ್ಕವೇ. ಆದರೆ ಬೇಡ ಅನಿಸಿದರೆ ಅದನ್ನು ಸ್ನೇಹಿತರ ಮೊದಲ ತಿಂಗಳಿಗೆ ವರ್ಗಾಯಿಸಬಹುದು. ಈ ಕೊನೆಯ ಮಾತು ಮೇಷ್ಟ್ರದ್ದು. ಅವರಿಗೆ ಅದು ಸುಮ್ನೆ ಒಂದು ಅನುಕೂಲ ಅನಿಸಿತ್ತು. ಹೆಚ್ಚಿನವರು ಬಳಸಿಕೊಂಡದ್ದು ಅದನ್ನೇ ಅಂತ ಆಮೇಲೆ ತಿಳಿಯಿತು.

ಪದಗಳ ಜೊತೆ ಎರಡು ಸಂಜೆ ಹೋಯಿತು. 'ರೆಫರ್', 'ಗಳಿಸಿ', 'ಸುವರ್ಣಾವಕಾಶ' ಮೊದಲೇ ಹೋದವು. 'ಕೆಲವೇ ದಿನ ಮಾತ್ರ' ಕೂಡ ತೆಗೆದೆ, ಯಾಕೆಂದರೆ ಅದು ಸುಳ್ಳು. ಕೊನೆಯ ದಿನ ಯಾವುದು ಅಂತ ನನಗೇ ಗೊತ್ತಿರಲಿಲ್ಲ. ನಿಜವಾದ ಮಿತಿ ಒಂದಿತ್ತಲ್ಲ, ಸೀಟು. ಏಳನೇದಕ್ಕೆ ಮೂರೇ. ಅದನ್ನೇ ಬರೆದೆ. ಅದು ಅವಸರವನ್ನೂ ಹೇಳುತ್ತದೆ, ಹತ್ತಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ ಅನ್ನುವ ಧೈರ್ಯವನ್ನೂ ಕೊಡುತ್ತದೆ. ಆ ತಂದೆಯ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

'ನಿಮ್ಮ ಸ್ನೇಹಿತರನ್ನು, ಬಂಧುಗಳನ್ನು ಕರೆತನ್ನಿ' ಅನ್ನುವ ಸಾಲು ಜಾಸ್ತಿ ಕಾಡಿತು. 'ಸ್ನೇಹಿತರು' ಅಂದ ಕೂಡಲೇ ಯಾರ ಮುಖವೂ ಕಣ್ಣಿಗೆ ಬರುವುದಿಲ್ಲ. 'ಏಳನೇ ತರಗತಿ ಮಗು ಇರುವ ಸ್ನೇಹಿತರು' ಅಂದರೆ ಸ್ವಲ್ಪ ಹತ್ತಿರ. ಕೊನೆಗೆ ಆ ಒಂಬತ್ತು ಫೋನುಗಳ ಟಿಪ್ಪಣಿ ನೋಡಿ ಹೀಗೆ ಮಾಡಿದೆ: "'ನಮ್ಮ ಮಗುವಿಗೆ ಲೆಕ್ಕ ಕಷ್ಟ ಆಗ್ತಿದೆ' ಅಂತ ಇತ್ತೀಚೆಗೆ ಯಾರಾದರೂ ನಿಮ್ಮ ಹತ್ತಿರ ಹೇಳಿಕೊಂಡಿದ್ದರೆ". ಇದನ್ನು ಓದಿದರೆ ಒಂದು ಮುಖ ನೆನಪಾಗುತ್ತದೆ, ಇಲ್ಲವೇ ಇಲ್ಲ. ನೆನಪಾಗದಿದ್ದರೆ ಅವರಿಗೆ ಕೆಲಸವೂ ಇಲ್ಲ, ಬೇಜಾರೂ ಇಲ್ಲ. ಪೈಪೋಟಿಯ ಆ ಒಂದೇ ಬೆಂಚಿನ ಹುಡುಗಿಯ ಪ್ರಶ್ನೆಯೂ ಇದರಿಂದ ಹಾಗೇ ಬದಿಗೆ ಸರಿಯಿತು. ಚೆನ್ನಾಗಿ ಓದುವವಳನ್ನು ತನ್ನಿ ಅಂತ ನಾನು ಕೇಳುತ್ತಲೇ ಇಲ್ಲವಲ್ಲ.

ಅಂಕದ ಬಗ್ಗೆ ಆಸೆ ಆಗಿತ್ತು, ಸುಳ್ಳು ಹೇಳುವುದಿಲ್ಲ. ಒಬ್ಬ ಹುಡುಗ ಒಂದೇ ವರ್ಷದಲ್ಲಿ ಬಹಳ ಮೇಲೆ ಬಂದಿದ್ದ. ಅವನ ಕಥೆ ಹಾಕಿದರೆ ಮೆಸೇಜು ಹೊಳೆಯುತ್ತಿತ್ತು. ಎರಡು ಕಾರಣಕ್ಕೆ ಬಿಟ್ಟೆ. ಅವನ ಅಂಕ ಅವನ ಮನೆಯದು, ನನ್ನ ಜಾಹೀರಾತಿನದಲ್ಲ. ಜೊತೆಗೆ, ಅಂಕ ಬರೆದರೆ ಅದನ್ನು ಕಳಿಸುವ ಪೋಷಕರು ಆ ಅಂಕಕ್ಕೆ ಜಾಮೀನು ನಿಂತ ಹಾಗೆ. "ಮುಖ ಹೇಗೆ ತೋರ್ಸೋದು" ಅಂದಿದ್ದ ತಾಯಿ ಇದನ್ನಂತೂ ಕಳಿಸುವುದಿಲ್ಲ.

ಕೊನೆಗೆ ಉಳಿದದ್ದು ಇದು. ಪೋಷಕರಿಗೆ:

"ನಮಸ್ಕಾರ ಮೇಡಂ. ಮಗಳು ಈ ಸಲದ ಪರೀಕ್ಷೆಯಲ್ಲಿ ಭಿನ್ನರಾಶಿ ಲೆಕ್ಕಗಳನ್ನು ಒಂದು ಹಂತವೂ ಬಿಡದೆ ಬರೆದಿದ್ದಾಳೆ, ಪತ್ರಿಕೆ ನೋಡಿ. ಏಳನೇ ತರಗತಿಯಲ್ಲಿ ಈಗ 7 ಮಕ್ಕಳಿದ್ದಾರೆ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಉಳಿದ 3 ಸೀಟಿಗೆ ಹೊರಗೆ ಹೇಳುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ. 'ನಮ್ಮ ಮಗುವಿಗೆ ಲೆಕ್ಕ ಕಷ್ಟ ಆಗ್ತಿದೆ' ಅಂತ ಇತ್ತೀಚೆಗೆ ಯಾರಾದರೂ ನಿಮ್ಮ ಹತ್ತಿರ ಹೇಳಿಕೊಂಡಿದ್ದರೆ ಕೆಳಗಿನ ಮೆಸೇಜನ್ನು ಅವರಿಗೆ ಕಳಿಸಿ. 2 ವಾರ ಶುಲ್ಕವಿಲ್ಲದೆ ಬಂದು ನೋಡಲಿ. ನಮ್ಮ ಪಾಠ ಆ ಮಗುವಿಗೆ ಹೊಂದದಿದ್ದರೆ ನಾನೇ ಅವರಿಗೆ ಹೇಳುತ್ತೇನೆ, ನೀವು ನಡುವೆ ಬರಬೇಕಿಲ್ಲ. ಸೇರಿ ಮೊದಲ ತಿಂಗಳ ಶುಲ್ಕ ಕಟ್ಟಿದರೆ, ನಿಮ್ಮ ಮುಂದಿನ ತಿಂಗಳ ಶುಲ್ಕದಲ್ಲಿ ಅರ್ಧ ಬಿಡುತ್ತೇವೆ. ಅದನ್ನು ಅವರಿಗೇ ಕೊಡಿ ಅಂದರೂ ಸರಿ. ಯಾರೂ ನೆನಪಾಗದಿದ್ದರೆ ಉತ್ತರ ಬರೆಯುವುದು ಬೇಡ."

ಸ್ನೇಹಿತರಿಗೆ:

"ನಮ್ಮ ಮಗಳು ಹೋಗುವ ಲೆಕ್ಕದ ಟ್ಯೂಷನ್ ಇದು. ಏಳನೇ ತರಗತಿಗೆ 3 ಸೀಟು ಇದೆಯಂತೆ. ಮೊದಲ ದಿನ ಚಿಕ್ಕ ಪರೀಕ್ಷೆ ಮಾಡಿ ಎಲ್ಲಿ ತೊಡಕಾಗ್ತಿದೆ ಅಂತ ಹೇಳ್ತಾರೆ. 2 ವಾರ ಶುಲ್ಕ ಇಲ್ಲ. ಬೇಕು ಅನಿಸಿದರೆ ಈ ನಂಬರಿಗೆ ಮಾತಾಡಿ, ನನ್ನ ಹೆಸರು ಹೇಳಿ."

ಎರಡನೆಯದು ಚಿಕ್ಕದಿರಬೇಕು ಅಂತ ಹಟ ಹಿಡಿದಿದ್ದೆ. ಉದ್ದ ಮೆಸೇಜನ್ನು ವಾಟ್ಸಾಪ್ ಮಧ್ಯದಲ್ಲೇ ಮಡಚಿ, ಮುಂದಿನದನ್ನು ಓದಬೇಕಾದರೆ ಒತ್ತಿ ಅನ್ನುತ್ತದೆ. ಪರಿಚಯವಿಲ್ಲದ ಟ್ಯೂಷನ್ನಿನ ಬಗ್ಗೆ ಯಾರು ಒತ್ತುತ್ತಾರೆ? ಮೊದಲನೆಯದು ಉದ್ದವಾಯಿತು ನಿಜ. ಆದರೆ ಅದು ಮಗಳ ಸುದ್ದಿಯಿಂದ ಶುರುವಾಗುತ್ತದೆ. ಸ್ವಂತ ಮಗುವಿನ ಸುದ್ದಿಯನ್ನು ಅರ್ಧಕ್ಕೆ ಬಿಡುವ ತಾಯಿಯನ್ನು ನಾನಂತೂ ಕಂಡಿಲ್ಲ.

ಆ ಮೊದಲ ಸಾಲಿನ ಬಗ್ಗೆ ಒಂದು ಎಚ್ಚರಿಕೆ. ಅದು ನಿಜವಾಗಿರಬೇಕು, ಆ ಮಗುವಿನದೇ ಆಗಿರಬೇಕು. "ನಿಮ್ಮ ಮಗಳು ಚೆನ್ನಾಗಿ ಓದುತ್ತಿದ್ದಾಳೆ" ಅಂದರೆ ಮುಂದೆ ಏನೋ ಕೇಳಲಿಕ್ಕಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಎಲ್ಲರಿಗೂ ಕಳಿಸಲು ಆಗಲಿಲ್ಲ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಿ ಕೊಟ್ಟ ವಾರ, ಪಕ್ಕಾ ಹೇಳಲು ಏನಾದರೂ ಇದ್ದ 11 ಮನೆಗಳನ್ನು ಆರಿಸಿ, ಒಬ್ಬೊಬ್ಬರಿಗೇ ಬೇರೆ ಬೇರೆ ಬರೆದೆ. ಬ್ರಾಡ್‌ಕಾಸ್ಟ್ ಪಟ್ಟಿ ಮುಟ್ಟಲಿಲ್ಲ. ಮಗುವಿನ ಬಗ್ಗೆ ದೂರು ಹೇಳಿದ್ದ ಮನೆಗಳನ್ನು, ಹಿಂದಿನ ತಿಂಗಳ ಶುಲ್ಕ ಬಾಕಿ ಇದ್ದವರನ್ನು ಬಿಟ್ಟೆ. ಶುಲ್ಕ ಬಾಕಿ ಇರುವವರಿಗೆ ಈ ಮೆಸೇಜು ಹೋದರೆ ಅದು ಬೇರೆಯೇ ಥರ ಓದಿಸಿಕೊಳ್ಳುತ್ತದೆ.

ಮೂರು ವಾರದಲ್ಲಿ ಆರು ಮನೆಯವರು ಫೋನ್ ಮಾಡಿದರು. ಐದು ಮಕ್ಕಳು ಪರೀಕ್ಷೆಗೆ ಕೂತರು, ನಾಲ್ವರು ಸೇರಿದರು. ಏಳನೇದಕ್ಕೆ ಮೂವರು, ಎಂಟನೇದಕ್ಕೆ ಒಬ್ಬ. ಐದನೆಯ ಮಗುವಿಗೆ ತೊಡಕಿದ್ದದ್ದು ಲೆಕ್ಕದಲ್ಲಿ ಅಲ್ಲ, ಓದುವುದರಲ್ಲಿ. ಪ್ರಶ್ನೆಯನ್ನು ನಾನು ಓದಿ ಹೇಳಿದರೆ ಅವನು ಲೆಕ್ಕ ಮಾಡುತ್ತಿದ್ದ. ಅವನ ತಂದೆಗೆ ಹಾಗೇ ಹೇಳಿದೆ. ಹೊಂದದಿದ್ದರೆ ನಾನೇ ಹೇಳುತ್ತೇನೆ ಅಂತ ಬರೆದ ಮೇಲೆ ಹೇಳಲೇಬೇಕಲ್ವಾ? ಒಂದು ಸೀಟು ಹೋಯಿತು. ಆದರೆ ಅವರನ್ನು ಕಳಿಸಿದ್ದ ತಾಯಿ ಮುಂದಿನ ತಿಂಗಳು ಇನ್ನೊಬ್ಬರಿಗೆ ನಮ್ಮ ಹೆಸರು ಹೇಳಿದರು.

ಪದಗಳಿಂದಲೇ ಇಷ್ಟಾಯಿತು ಅಂತ ಹೇಳಲಾರೆ. ಕಳಿಸಿದ ಸಮಯ ಬೇರೆ, ಆರಿಸಿದ ಮನೆ ಬೇರೆ, ಎರಡು ವಾರದ ಕೊಡುಗೆ ಹೊಸದು. ಒಂದೊಂದನ್ನೇ ಬದಲಿಸಿ ನೋಡುವಷ್ಟು ಮನೆಗಳು ನಮ್ಮಲ್ಲಿಲ್ಲ. ಆದರೆ ಒಂದು ಗುರುತು ಸಿಕ್ಕಿತು. ಫೋನ್ ಮಾಡಿದ ಆರು ಜನರಿಗೂ "ನಿಮಗೆ ಏನಂತ ಹೇಳಿದ್ರು?" ಅಂತ ಕೇಳಿದೆ. ಇಬ್ಬರು ನನ್ನ ಮೆಸೇಜಿನ ಮಾತನ್ನೇ ಹೇಳಿದರು. ನಾಲ್ವರು ಹೇಳಿದ್ದು ಬೇರೆಯೇ. ಅವರ ಸ್ನೇಹಿತರು ನನ್ನ ಸಾಲುಗಳನ್ನು ನಕಲು ಮಾಡಿ, ತಮಗೆ ಬೇಕಾದ ಹಾಗೆ ಕತ್ತರಿಸಿ, ಮುಂದೆ ತಮ್ಮದೊಂದು ಮಾತು ಸೇರಿಸಿ ಕಳಿಸಿದ್ದರು. ನೇರ ಫಾರ್ವರ್ಡ್ ಮಾಡಿದರೆ ಮೇಲೆ ಫಾರ್ವರ್ಡ್ ಅನ್ನುವ ಗುರುತು ಬೀಳುತ್ತದೆ, ಅದು ಜಾಹೀರಾತಿನ ಹಾಗೆ ಕಾಣುತ್ತದೆ ಅಂತ ಒಬ್ಬರು ಹೇಳಿದರು. ನನಗೆ ಅದು ಹೊಳೆದೇ ಇರಲಿಲ್ಲ. ಈಗ ನಾನೇ ಬರೆಯುತ್ತೇನೆ: ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ.

ಎಡವಟ್ಟುಗಳೂ ಆದವು. ಒಬ್ಬ ತಂದೆ ಎರಡನೆಯದರ ಬದಲು ಮೊದಲ ಮೆಸೇಜನ್ನೇ ಸ್ನೇಹಿತರಿಗೆ ದಾಟಿಸಿಬಿಟ್ಟರು, ಮಗನ ಪರೀಕ್ಷೆಯ ಸುದ್ದಿ, ಅರ್ಧ ಶುಲ್ಕದ ಲೆಕ್ಕ ಎಲ್ಲದರ ಸಮೇತ. ಆ ಸ್ನೇಹಿತರು ಫೋನಿನಲ್ಲಿ ನನ್ನನ್ನು ಮೊದಲು ಕೇಳಿದ್ದೇ "ಅವನಿಗೆಷ್ಟು ಸಿಗುತ್ತೆ ಇದರಲ್ಲಿ?" ನಗುತ್ತಲೇ ಕೇಳಿದರು, ಆದರೂ ನನ್ನ ಕಿವಿ ಬಿಸಿಯಾಯಿತು. ಓರಗಿತ್ತಿಯ ಮಾತು ನೆನಪಾಯಿತು. ಮುಚ್ಚಿಟ್ಟದ್ದು ಯಾವತ್ತಾದರೂ ಹೊರಗೆ ಬರುತ್ತದೆ, ಬಂದಾಗ ಕೆಟ್ಟದಾಗಿ ಕಾಣುತ್ತದೆ. ಅಂದೇ ಎರಡನೇ ಮೆಸೇಜಿನ ಕೊನೆಗೆ ಒಂದು ಸಾಲು ಸೇರಿಸಿದೆ: "ನೀವು ಸೇರಿದರೆ ನಮಗೂ ಅರ್ಧ ತಿಂಗಳ ಶುಲ್ಕ ಬಿಡ್ತಾರೆ, ಬೇಕಾದರೆ ಅದು ನಿಮಗೇ ಇರಲಿ." ಮೇಷ್ಟ್ರಿಗೆ ಭಯವಿತ್ತು, ಇದನ್ನು ಓದಿದರೆ ಯಾರೂ ಬರುವುದಿಲ್ಲ ಅಂತ. ಆಮೇಲೆ ಬಂದವರಲ್ಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಇನ್ನೊಂದು ಸಲ ಒಂದೇ ಮಗುವಿಗೆ ಇಬ್ಬರು ಹಕ್ಕುದಾರರು ಬಂದರು. "ನಾನೂ ಹೇಳಿದ್ದೆ ಮೇಡಂ" ಅಂತ ಎರಡನೆಯವರು. ಜಗಳವೇನಲ್ಲ, ಆದರೂ ಮುಜುಗರ. ಇಬ್ಬರಿಗೂ ಕಾಲು ಕಾಲು ಹಂಚುವುದಕ್ಕಿಂತ ಇಬ್ಬರಿಗೂ ಅರ್ಧ ಕೊಟ್ಟು ಮುಗಿಸಿದೆವು. ಆವತ್ತಿನಿಂದ ಪ್ರವೇಶದ ಅರ್ಜಿಯಲ್ಲಿ "ನಮ್ಮ ಬಗ್ಗೆ ಹೇಳಿದವರು" ಅಂತ ಒಂದು ಖಾನೆ ಇಟ್ಟಿದ್ದೇವೆ. ಹೊಸಬರು ಯಾರ ಹೆಸರು ಬರೆಯುತ್ತಾರೋ ಅವರಿಗೆ. ಮೊದಲೇ ಇದ್ದಿದ್ದರೆ ಆ ಫೋನೂ ಬರುತ್ತಿರಲಿಲ್ಲ.

ನಿಜವಾಗಿ ಬೇಸರವಾದದ್ದು ಮಕ್ಕಳ ವಿಷಯದಲ್ಲಿ. ಎಂಟನೇ ತರಗತಿಯ ಹುಡುಗನೊಬ್ಬ ಅಪ್ಪನ ಫೋನಿನಲ್ಲಿ ಮೆಸೇಜು ಓದಿ, ಶಾಲೆಯಲ್ಲಿ ಇನ್ನೊಬ್ಬ ಹುಡುಗನಿಗೆ "ನಿನಗೆ ಲೆಕ್ಕ ಬರಲ್ಲ ಅಲ್ವಾ, ನಮ್ಮ ಟ್ಯೂಷನ್ನಿಗೆ ಬಾ" ಅಂದಿದ್ದಾನೆ, ಎಲ್ಲರ ಎದುರು. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಸಹಾಯ ಮಾಡಿದೆ ಅಂದುಕೊಂಡಿದ್ದ. ಆ ಹುಡುಗ ಮನೆಗೆ ಹೋಗಿ ಅತ್ತನಂತೆ. ನಾನು ಬರೆದ 'ಲೆಕ್ಕ ಕಷ್ಟ ಆಗ್ತಿದೆ' ದೊಡ್ಡವರ ಬಾಯಲ್ಲಿ ಗೋಳು, ಮಕ್ಕಳ ಬಾಯಲ್ಲಿ ಅಣಕ. ಆ ಸಾಲನ್ನು ತೆಗೆಯಲಿಲ್ಲ, ತೆಗೆದರೆ ಮೆಸೇಜೇ ಸಾಯುತ್ತದೆ. ಆದರೆ "ಇದು ದೊಡ್ಡವರ ನಡುವೆಯೇ ಇರಲಿ, ಮಕ್ಕಳ ಮೂಲಕ ಹೇಳಿಸಬೇಡಿ" ಅಂತ ಸೇರಿಸಿದೆ. ಆ ಹುಡುಗನ ತಾಯಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ನಮ್ಮಲ್ಲಿಗೆ ಬರಲಿಲ್ಲ.

ಸೇರಿದ ಆ ನಾಲ್ವರನ್ನು ಕಳಿಸಿದ್ದು ನಾಲ್ಕು ಮನೆ. ಅದರಲ್ಲಿ ಅರ್ಧ ಶುಲ್ಕವನ್ನು ತಾವೇ ಇಟ್ಟುಕೊಂಡವರು ಒಬ್ಬರು. ಇಬ್ಬರು ಸ್ನೇಹಿತರಿಗೆ ಬಿಟ್ಟುಕೊಟ್ಟರು. ಇನ್ನೊಬ್ಬರು ಅರ್ಧದಲ್ಲಿ ಅರ್ಧ ಮಾಡಿಕೊಂಡರು. ಬಿಟ್ಟುಕೊಟ್ಟವರಲ್ಲಿ ಒಬ್ಬರು ಆ ಮೊದಲ ದಿನ ಮಾತಾಡಿದ್ದ ತಾಯಿ. ಓರಗಿತ್ತಿಯ ಮಗ ಈಗ ಏಳನೇ ತರಗತಿ ಬ್ಯಾಚಿನಲ್ಲಿದ್ದಾನೆ. "ಕೊಡ್ತೀನಿ ಅಂದಾಗ ಅವರು ಬೇಡ ಅಂದ್ರು, ನಾನು ಬಿಡ್ಲಿಲ್ಲ" ಅಂತ ಅವರು ಹೇಳುವಾಗ ಮುಖದಲ್ಲಿ ಗೆಲುವಿತ್ತು.

ಏಳನೇದು ಭರ್ತಿಯಾದ ಸಂಜೆ ಆ 11 ಮನೆಗಳಲ್ಲಿ ಏಳನೇದಕ್ಕೆ ಬರೆದವರಿಗೆಲ್ಲ ಎರಡು ಸಾಲು ಕಳಿಸಿದೆ: "ಏಳನೇ ತರಗತಿಯ 3 ಸೀಟೂ ಆಯಿತು. ಇನ್ನು ಯಾರಿಗೂ ಹೇಳುವುದು ಬೇಡ, ಬಂದು ವಾಪಸ್ ಹೋಗುವ ಹಾಗಾಗಬಾರದು." ಇದಕ್ಕೆ ಮಾತ್ರ ಅರ್ಧ ಗಂಟೆಯೊಳಗೆ ಐದು ಉತ್ತರ ಬಂದವು. ಅದರಲ್ಲಿ ಒಂದು, ಒಂಬತ್ತು ಮಕ್ಕಳ ಲೆಕ್ಕ ಹೇಳಿದ್ದ ಆ ತಂದೆಯದು. ಅವರ ಮಗ ಇರುವುದು ಒಂಬತ್ತನೇ ತರಗತಿಯಲ್ಲಿ, ಅವರ ತಮ್ಮನ ಮಗಳಿಗಾಗಿ ಕೇಳಿ ನೋಡಿದ್ದೆ. "ನಿಜವಾಗ್ಲೂ ಹತ್ತಕ್ಕೇ ನಿಲ್ಸಿದ್ರಾ?" ಅಂತ ಬರೆದಿದ್ದರು. ಹೌದು ಅಂದೆ. "ಹಾಗಾದ್ರೆ ಮುಂದಿನ ವರ್ಷಕ್ಕೆ ಅವಳ ಹೆಸರು ಈಗ್ಲೇ ಬರ್ಕೊಳ್ಳಿ ಮೇಡಂ."